ಖಾಲಿ ವರ್ಷಗಳನ್ನು ಮುಚ್ಚಿಡಬೇಡಿ

ರೋಣದ ಸಹೋದರಿಗೆ,

ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು ಏಳು ವರ್ಷವಾಯಿತು ಎಂದಿದ್ದೀರಿ. ನಡುವೆ ಕೆಲಸ ಬಿಟ್ಟ ಮಹಿಳೆಯರಿಗೆಂದೇ ಇರುವ ‘ರೀಸ್ಟಾರ್ಟ್ ವಿತ್ ಇನ್ಫೋಸಿಸ್’, ಟಿಸಿಎಸ್‌ನ ‘ರೀಬಿಗಿನ್’ ಮೊದಲು ನೋಡಿ. ಎಷ್ಟು ವರ್ಷದ ಬಿಡುವಿನವರೆಗೆ ಅವಕಾಶ, ಕೆಲಸ ಯಾವ ಊರಲ್ಲಿ ಎಂಬುದನ್ನು ಓದಿಕೊಂಡೇ ಅರ್ಜಿ ಹಾಕಿ. ಇನ್ಫೋಸಿಸ್ ಕ್ಯಾಂಪಸ್ ಹುಬ್ಬಳ್ಳಿಯಲ್ಲೂ ಇದೆ. ಆದರೆ ಹುದ್ದೆ ಅಲ್ಲೇ ಸಿಗುತ್ತದೆಂದು ನಂಬಿ ಕೂರಬೇಡಿ.

ಬಯೋಡೇಟಾದಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಮುಂದಕ್ಕೆ ಎಳೆಯಬೇಡಿ, ದಯವಿಟ್ಟು. ಎಷ್ಟೋ ಕಂಪನಿಗಳು ಪಿಎಫ್‌ನ ಯುಎಎನ್ ದಾಖಲೆ ತೆಗೆದು ನೋಡುತ್ತವೆ. ತಾಳೆಯಾಗದಿದ್ದರೆ ಕೈಗೆ ಬಂದ ಆಫರ್ ಕೂಡ ರದ್ದಾಗಬಹುದು. ಇಪಿಎಫ್‌ಒ ಪೋರ್ಟಲ್‌ನಲ್ಲಿ ‘ಸರ್ವಿಸ್ ಹಿಸ್ಟರಿ’ ತೆರೆದು ನೋಡಿ. ಹಳೆಯ ಕಂಪನಿ ನಿಮ್ಮ ಕೊನೆಯ ದಿನಾಂಕ ತುಂಬಿರದಿದ್ದರೆ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಬಳಸಿ ‘ಮಾರ್ಕ್ ಎಕ್ಸಿಟ್’ನಲ್ಲಿ ನೀವೇ ತುಂಬಬಹುದು. ಆ ದಿನಾಂಕ ಕೊನೆಯ ಪಿಎಫ್ ಕಂತಿನ ತಿಂಗಳೊಳಗೇ ಇರಬೇಕು.