ಅಜ್ಜಿಯ ಅಡುಗೆ ಪುಸ್ತಕದ ಫೋಟೊ ತೆಗೆಯುವ ಮುನ್ನ

ಅಜ್ಜಿಯ ಅಡುಗೆ ನೋಟ್‌ಬುಕ್ಕಿನ ಫೋಟೊ ತೆಗೆದು ಮನೆಯವರಿಗೆಲ್ಲ ಹಂಚಲು ಮೊಮ್ಮಗಳು ಕುಳಿತಳು. ಫ್ಲ್ಯಾಶ್ ಹಾಕಿದರೆ ಎಣ್ಣೆ ಹೀರಿದ ಹಾಳೆ ಹೊಳೆದು, ಮಾಸಿದ ಶಾಯಿ ಕಾಣದಾಗುತ್ತಿತ್ತು. ನೀವೂ ಹೀಗೆ ಹೊರಟಿದ್ದರೆ ಫ್ಲ್ಯಾಶ್ ಬಿಡಿ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಕೂರಿ. ಹಿಂಬದಿಯ ಅಕ್ಷರ ಇಣುಕಿದರೆ ಹಾಳೆಯಡಿ ಕಪ್ಪು ಕಾಗದ ಇಡಿ. ಬಣ್ಣದಲ್ಲೇ ತೆಗೆಯಿರಿ; ಕಪ್ಪು-ಬಿಳುಪು ಸ್ಕ್ಯಾನ್ ಮಸುಕು ಗೆರೆಗಳನ್ನು ನುಂಗಿಬಿಡುತ್ತದೆ. ಚಿತ್ರ ಹಿಗ್ಗಿಸಿದಾಗ ಒತ್ತಕ್ಷರ ಓದುವಂತಿರಬೇಕು.

ಸಾರಿನ ಪುಡಿಯ ಪುಟದಲ್ಲಿ ‘ಕೊತ್ತಂಬರಿ ಬೀಜ 1 ಪಾವು’ ಎಂದಿತ್ತು. “ಯಾವ ಪಾವು ಅಜ್ಜಿ?” ಎಂದದ್ದಕ್ಕೆ ಅಜ್ಜಿ ಅಟ್ಟದಿಂದ ಹಿತ್ತಾಳೆ ಪಾವನ್ನೇ ತರಿಸಿದರು. ಮೊಮ್ಮಗಳು ಅದರ ತುಂಬ ಬೀಜ ಅಳೆದು, ತೂಗಿ, ಗ್ರಾಂ ಲೆಕ್ಕವನ್ನು ಚೀಟಿಯಲ್ಲಿ ಬರೆದಳು. ಮೂಲ ಹಾಳೆಗೆ ಪೆನ್ನು ತಾಗಿಸದೆ, ಚೀಟಿಯನ್ನು ಪಕ್ಕದಲ್ಲಿಟ್ಟು ಇನ್ನೊಂದು ಫೋಟೊ ತೆಗೆದಳು.