ಜೇನು, ತುಪ್ಪ, ಎಣ್ಣೆ: ಬಾಟಲಿಯ ಚೀಟಿಯಲ್ಲಿ ಏನನ್ನು ಬರೆಯಬೇಕು?

ಕಾರ್ಕಳ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಸ್ವಸಹಾಯ ಗುಂಪಿನವರು ತಾವು ಮಾರುವ ಜೇನಿನ ಬಾಟಲಿಗೆ ಅಂಟಿಸುವ ಚೀಟಿಯ ಕರಡನ್ನು ನನಗೆ ತೋರಿಸಿದ್ದರು. ಅದರಲ್ಲಿ ಹೀಗೆ ಬರೆದಿತ್ತು: "ಶುದ್ಧ, ನೈಸರ್ಗಿಕ, ಅಪ್ಪಟ ಕಾಡುಜೇನು. ಆರೋಗ್ಯಕ್ಕೆ ಉತ್ತಮ. ಮಕ್ಕಳಿಗೂ ಕೊಡಬಹುದು." ಈ ಸಾಲುಗಳನ್ನು ಓದಿದ ಗೃಹಿಣಿಗೆ ಜೇನಿನ ವಿಷಯವಾಗಿ ಯಾವ ಸಂಗತಿಯೂ ತಿಳಿಯುವುದಿಲ್ಲ. ಕೊನೆಯ ಸಾಲಾದರೋ ಅಪಾಯಕರವಾದುದು. ಆ ಗುಂಪಿನವರಿಗೆ ಅದೇ ಮಳೆಗಾಲದಲ್ಲಿ ಮತ್ತೊಂದು ತೊಂದರೆಯೂ ಒದಗಿತ್ತು. ಮಣಿಪಾಲದ ಅಂಗಡಿಗೆ ಕಳುಹಿಸಿದ ಬಾಟಲಿಗಳಲ್ಲಿ ಕೆಲವು ಜುಲೈ ತಿಂಗಳಲ್ಲಿ ನೊರೆ ಉಕ್ಕಿ, ಹುಳಿವಾಸನೆಯೊಡನೆ ಹಿಂದಿರುಗಿದ್ದವು. "ಡಾಕ್ಟ್ರೇ, ನಾವು ಒಂದು ಚಮಚ ಸಕ್ಕರೆಯನ್ನೂ ಬೆರೆಸಿಲ್ಲ" ಎಂದು ಅವರು ನೊಂದು ಹೇಳಿದರು. ಅವರ ಮಾತು ನಿಜವೇ ಆಗಿತ್ತು. ತಪ್ಪು ಇದ್ದುದು ಬೇರೆಡೆಯಲ್ಲಿ.

ಮೊದಲು ಮೂಲದ ವಿಷಯ. "ಕಾಡುಜೇನು" ಎಂಬ ಮಾತಿನಿಂದ ಜೇನುನೊಣ ಯಾವುದೆಂದು ತಿಳಿಯದು. ನಮ್ಮ ಕಡೆ ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನನ್ನು. ಎತ್ತರದ ಮರದಲ್ಲಿಯೂ ಬಂಡೆಯಲ್ಲಿಯೂ ಗೂಡು ಕಟ್ಟುವುದು ಹೆಜ್ಜೇನು. ವಿಚಾರಿಸಲಾಗಿ, ಈ ಗುಂಪಿನ ಜೇನು ಮನೆಯ ತೋಟದಲ್ಲಿಟ್ಟ ತುಡುವೆ ಪೆಟ್ಟಿಗೆಗಳದು. ಸುತ್ತಲೂ ರಬ್ಬರ್, ತೆಂಗು ಮತ್ತು ಹಾಡಿಯ ಗಿಡಮರಗಳು. ಆದುದರಿಂದ "ಕಾಡು" ಎಂಬ ಪದವನ್ನು ತೆಗೆದು, ನೊಣದ ಹೆಸರು, ಗ್ರಾಮ ಮತ್ತು ಜೇನು ತೆಗೆದ ತಿಂಗಳು, ಈ ಮೂರನ್ನು ಬರೆಯುವುದೆಂದಾಯಿತು.

ಸಂಸ್ಕರಣದ ವಿಷಯ ಕೇಳಿದಾಗ ನೊರೆಯ ಕಾರಣ ಹೊರಬಂದಿತು. ಮಕರಂದದ ನೀರನ್ನು ನೊಣಗಳು ರೆಕ್ಕೆ ಬೀಸಿ ಆರಿಸುತ್ತವೆ; ಹದವಾದ ಮೇಲೆ ಎರಿಯ ಕಣ್ಣುಗಳಿಗೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚಳವಿಲ್ಲದ ಕಣ್ಣಿನಲ್ಲಿರುವುದು ಇನ್ನೂ ಹಸಿಜೇನು. ಏಪ್ರಿಲ್ ಕೊನೆಯಲ್ಲಿ, ಮಳೆ ಬರುವ ಮೊದಲೇ ಕೆಲಸ ಮುಗಿಸಬೇಕೆಂಬ ಅವಸರದಿಂದ, ಅರ್ಧ ಮಾತ್ರ ಮುಚ್ಚಿದ ಎರಿಗಳನ್ನೂ ಯಂತ್ರಕ್ಕೆ ಹಾಕಿ ತಿರುಗಿಸಿದ್ದರು. ಸಾಮಾನ್ಯ ಜೇನಿನಲ್ಲಿ ತೇವಾಂಶವು ನೂರಕ್ಕೆ 20ನ್ನು ಮೀರಬಾರದೆಂಬುದು ನಮ್ಮ ದೇಶದ ಆಹಾರ ಮಾನದಂಡ. ತುಡುವೆ ಜೇನಿನಲ್ಲಿ ಮೊದಲೇ ನೀರಿನಂಶ ತುಸು ಹೆಚ್ಚು. ಮಿತಿ ಮೀರಿದಲ್ಲಿ, ಜೇನಿನಲ್ಲಿ ಸಹಜವಾಗಿಯೇ ಇರುವ ಹುದುಗುಕಣಗಳು ಬೆಳೆದು ಸಕ್ಕರೆಯನ್ನು ಮದ್ಯಸಾರವಾಗಿಯೂ ಅನಿಲವಾಗಿಯೂ ಮಾರ್ಪಡಿಸುತ್ತವೆ. ನೊರೆಯೂ ಹುಳಿಯೂ ಇದರ ಫಲ.

ತೇವಾಂಶವನ್ನು ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಎಂಬ ಸಣ್ಣ ಉಪಕರಣವಿದೆ. ಗಾಜಿನ ಮೇಲೆ ಒಂದು ಹನಿ ಜೇನನ್ನಿಟ್ಟು ಬೆಳಕಿನತ್ತ ನೋಡಿದರೆ ಅಂಕಿ ಕಾಣುತ್ತದೆ. ಇದನ್ನು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. ನಮ್ಮ ಬೇಸಿಗೆಯ ಸೆಕೆಯಲ್ಲಿ ಸರಿಪಡಿಸದೆ ಓದಿದರೆ ತೇವಾಂಶವು ಇರುವುದಕ್ಕಿಂತ ಹೆಚ್ಚಾಗಿ ಕಾಣುವುದು. ಗುಂಪಿನವರು ಪರಿಚಯಸ್ಥರಿಂದ ಉಪಕರಣ ತಂದು ನೋಡಿದಾಗ, ಹಿಂದಿರುಗಿದ ತಂಡದ ಜೇನು 23ರ ಸಮೀಪವಿತ್ತು. ಮುಕ್ಕಾಲು ಪಾಲಿಗಿಂತ ಹೆಚ್ಚು ಮುಚ್ಚಿದ ಎರಿಗಳಿಂದ ಪ್ರತ್ಯೇಕವಾಗಿ ತೆಗೆದ ಜೇನು 20ರ ಒಳಗಿತ್ತು. ಅಂದಿನಿಂದ ಪ್ರತಿ ತಂಡಕ್ಕೂ ಅಂಕಿಯನ್ನು ಬರೆದಿಡುವ ಪದ್ಧತಿ ಬಂದಿದೆ. ಹಸಿಜೇನನ್ನು ಒಲೆಯ ಮೇಲೆ ಕುದಿಸಿ ಗಟ್ಟಿ ಮಾಡುವ ಉಪಾಯವನ್ನು ಒಬ್ಬರು ಸೂಚಿಸಿದರು. ಅದು ಸಲ್ಲದು. ಹೆಚ್ಚು ಶಾಖದಿಂದ ಬಣ್ಣ ಕಪ್ಪಾಗಿ, ಎಚ್.ಎಂ.ಎಫ್. ಎಂಬ ವಸ್ತು ಏರುತ್ತದೆ. ಕಿಲೋಗ್ರಾಮಿಗೆ 80 ಮಿಲಿಗ್ರಾಮಿಗಿಂತ ಅದು ಹೆಚ್ಚಿರಕೂಡದು. ಜೇನನ್ನು ಬಿಸಿ ಮಾಡಿದ್ದರೆ ಎಷ್ಟು ಶಾಖ, ಎಷ್ಟು ಹೊತ್ತು ಎಂಬುದನ್ನೂ, ಇಲ್ಲವಾದಲ್ಲಿ "ಬಟ್ಟೆಯಲ್ಲಿ ಸೋಸಿದೆ, ಬಿಸಿ ಮಾಡಿಲ್ಲ" ಎಂದೂ ಬರೆಯತಕ್ಕದ್ದು.

ಶುದ್ಧತೆಯ ಪರೀಕ್ಷೆಗಳ ವಿಷಯದಲ್ಲಿ ಜನರಿಗೆ ಅನೇಕ ತಪ್ಪು ನಂಬಿಕೆಗಳಿವೆ. ಲೋಟದ ನೀರಿನಲ್ಲಿ ಹನಿ ಕರಗದೆ ತಳಕ್ಕಿಳಿದರೆ ಅಸಲಿ, ಜೇನು ಸವರಿದ ಬತ್ತಿ ಉರಿದರೆ ಅಸಲಿ, ಇರುವೆ ಮುತ್ತದಿದ್ದರೆ ಅಸಲಿ ಎನ್ನುವರು. ಇವುಗಳಲ್ಲಿ ಮೊದಲೆರಡು ತೋರಿಸುವುದು ನೀರಿನಂಶವನ್ನು ಮಾತ್ರ. ಗಟ್ಟಿಯಾದ ಸಕ್ಕರೆ ಪಾಕವೂ ಲೋಟದ ತಳಕ್ಕೆ ಇಳಿಯುತ್ತದೆ. ತೆಳ್ಳಗಿನ ಅಸಲಿ ತುಡುವೆ ಜೇನು ಸೋಲುತ್ತದೆ. ಹರಳುಗಟ್ಟುವುದೂ ಕಲಬೆರಕೆಯ ಗುರುತಲ್ಲ. ಪ್ರಯೋಗಾಲಯದ ಪರೀಕ್ಷೆಗಳಿಗೂ ಮಿತಿಯುಂಟು. ಕಬ್ಬು ಮತ್ತು ಜೋಳದ ಪಾಕವನ್ನು ಹಿಡಿಯುವ ಪರೀಕ್ಷೆಗೆ ಅಕ್ಕಿಯ ಪಾಕ ಸಿಕ್ಕುವುದಿಲ್ಲ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪ್ರಕಟಿಸಿದ ತನಿಖೆಯಲ್ಲಿ, ಸಾಮಾನ್ಯ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಕೆಲವು ಜೇನುಗಳು ಎನ್.ಎಂ.ಆರ್. ಎಂಬ ಸೂಕ್ಷ್ಮ ಪರೀಕ್ಷೆಯಲ್ಲಿ ಸೋತಿದ್ದವು. ಆದ್ದರಿಂದ "ಪ್ರಯೋಗಾಲಯದಲ್ಲಿ ಪರೀಕ್ಷಿಸಿದೆ" ಎಂದಷ್ಟೇ ಬರೆದರೆ ಸಾಲದು. ಯಾವ ಪರೀಕ್ಷೆ, ಯಾವ ತಂಡ, ಯಾವ ದಿನಾಂಕ, ಬಂದ ಅಂಕಿ ಎಷ್ಟು ಎಂಬುದಿರಬೇಕು. ಮಾಡಿಸದ ಪರೀಕ್ಷೆಯನ್ನು ಸೂಚಿಸುವ ಪದವನ್ನು ಬಳಸಬಾರದು. "ಶುದ್ಧ", "ನೈಸರ್ಗಿಕ" ಮೊದಲಾದ ಪದಗಳನ್ನು ಎಲ್ಲಿ ಬಳಸಬಹುದೆಂಬುದಕ್ಕೆ 2018ರ ಆಹಾರ ಜಾಹೀರಾತು ನಿಯಮಗಳಲ್ಲಿ ಷರತ್ತುಗಳಿವೆ.

ಈಗ "ಮಕ್ಕಳಿಗೂ ಕೊಡಬಹುದು" ಎಂಬ ಸಾಲು. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ವಾಡಿಕೆ ನಮ್ಮ ಅನೇಕ ಮನೆಗಳಲ್ಲಿದೆ. ಅಜ್ಜಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಜೇನು ಎಷ್ಟೇ ಅಸಲಿಯಾಗಿದ್ದರೂ ಅದರಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕಣಗಳಿರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಬೆಳೆದು ವಿಷವನ್ನು ಉತ್ಪತ್ತಿ ಮಾಡಬಲ್ಲವು. ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಚೀಪಲಾರದಿರುವುದು, ಕೊರಳು ನಿಲ್ಲದಿರುವುದು ಇದರ ಲಕ್ಷಣಗಳು. ಮುಂದುವರಿದರೆ ಉಸಿರಾಟಕ್ಕೆ ತೊಂದರೆ. ರೋಗ ವಿರಳವಾದರೂ, ಈ ಲಕ್ಷಣ ಕಂಡ ಕೂಡಲೇ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು. ಅಡುಗೆಯ ಶಾಖದಿಂದ ಬೀಜಕಣಗಳು ಸಾಯವು. ಆದುದರಿಂದ ಆ ಸಾಲಿನ ಜಾಗದಲ್ಲಿ "ಒಂದು ವರ್ಷದೊಳಗಿನ ಮಗುವಿಗೆ ಕೊಡಬೇಡಿ" ಎಂದು, ಜೇನಿನ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಮುದ್ರಿಸಲಾಯಿತು.

ಸಿದ್ಧವಾದ ಚೀಟಿ ಹೀಗಿತ್ತು: "ತುಡುವೆ ಜೇನು. ನಮ್ಮ ಗ್ರಾಮದ ತೋಟದ ಪೆಟ್ಟಿಗೆಗಳಿಂದ, ಏಪ್ರಿಲ್ ತಿಂಗಳಲ್ಲಿ ತೆಗೆದದ್ದು. ಯಂತ್ರದಿಂದ ತೆಗೆದು ಬಟ್ಟೆಯಲ್ಲಿ ಸೋಸಿದೆ; ಬಿಸಿ ಮಾಡಿಲ್ಲ. ತೇವಾಂಶ ನೂರಕ್ಕೆ 19.5. ಬೇರೆ ಪರೀಕ್ಷೆ ಮಾಡಿಸಿಲ್ಲ. ಮುಚ್ಚಳ ಬಿಗಿಯಾಗಿ ಹಾಕಿ, ಒಣ ಚಮಚ ಬಳಸಿ, ಶೀತಪೆಟ್ಟಿಗೆ ಬೇಡ. ಹರಳುಗಟ್ಟಿದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ." ಇದರೊಡನೆ ತಂಡದ ಸಂಖ್ಯೆ, ತೂಕ, ಬೆಲೆ, ವಿಳಾಸ ಮತ್ತು ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ. "ಬೇರೆ ಪರೀಕ್ಷೆ ಮಾಡಿಸಿಲ್ಲ" ಎಂದರೆ ಯಾರು ಕೊಳ್ಳುವರು ಎಂದು ಒಬ್ಬ ಸದಸ್ಯೆ ಸಂಶಯಪಟ್ಟರು. ನನ್ನ ಮಟ್ಟಿಗೆ ಆ ಸಾಲನ್ನು ಓದಿಯೇ ನಾನು ಉಳಿದ ಸಾಲುಗಳನ್ನು ನಂಬುತ್ತೇನೆ.

ತುಪ್ಪದ ಚೀಟಿಗೂ ಇದೇ ಕ್ರಮ: ಹಸುವಿನದೋ ಎಮ್ಮೆಯದೋ, ಮೊಸರು ಕಡೆದ ಬೆಣ್ಣೆಯಿಂದಲೋ ಕೆನೆಯಿಂದಲೋ, ಕಾಯಿಸಿದ ದಿನ ಯಾವುದು. ವನಸ್ಪತಿಯಲ್ಲಿ ಕಾನೂನಿನಂತೆ ಎಳ್ಳೆಣ್ಣೆ ಬೆರೆಸಿರುವುದರಿಂದ ಬೋದುವ್ಯಾಂ ಪರೀಕ್ಷೆಯಲ್ಲಿ ಅದು ಕೆಂಪು ಬಣ್ಣ ಕೊಟ್ಟು ಸಿಕ್ಕಿಬೀಳುತ್ತದೆ. ಆದರೆ ಎಳ್ಳೆಣ್ಣೆಯಿಲ್ಲದ ಬೇರೆ ಕೊಬ್ಬನ್ನು ಬೆರೆಸಿದ್ದರೆ ಈ ಪರೀಕ್ಷೆ ಮೌನವಾಗಿರುತ್ತದೆ. ಇದರಲ್ಲಿ ತೀಕ್ಷ್ಣ ಆಮ್ಲ ಬೇಕಾದುದರಿಂದ ಮನೆಯಲ್ಲಿ ಮಾಡಕೂಡದು.

ಕಾಪುವಿನ ಕಡೆಯ ಗಾಣದ ತೆಂಗಿನೆಣ್ಣೆಯ ವಿಷಯದಲ್ಲಿ "ಶೀತಲ ಗಾಣದ್ದು" ಎಂಬುದು ಅರ್ಧ ಮಾತು. ಗಾಣಕ್ಕೆ ಶಾಖ ಕೊಡದಿದ್ದರೂ ಕೊಬ್ಬರಿಯನ್ನು ಹೊಗೆಯಲ್ಲಿ ಒಣಗಿಸಿರಬಹುದು. ಸರಿಯಾಗಿ ಒಣಗದ ಕೊಬ್ಬರಿಗೆ ಬೂಷ್ಟು ಹಿಡಿದಿರಬಹುದು. ಬಿಸಿಲಿನದೋ ಹೊಗೆಯದೋ, ಎಷ್ಟು ದಿನ ತಿಳಿಯಲು ಬಿಟ್ಟದ್ದು ಎಂದು ಬರೆಯಬೇಕು. ಈ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಗಾಜಿನ ಲೋಟದಲ್ಲಿ ಅರ್ಧ ಗಂಟೆ ಶೀತಪೆಟ್ಟಿಗೆಯಲ್ಲಿಟ್ಟರೆ ಬೆರೆಸಿದ ಬೇರೆ ಎಣ್ಣೆಯು ಪ್ರತ್ಯೇಕ ಪದರವಾಗಿ ನಿಲ್ಲುತ್ತದೆ. ತಾಳೆಬೀಜದ ಎಣ್ಣೆ ಮಾತ್ರ ತಾನೂ ಹೆಪ್ಪುಗಟ್ಟಿ ಕಣ್ಣು ತಪ್ಪಿಸಿಕೊಳ್ಳುತ್ತದೆ.