ಬಣ್ಣ ಆಮೇಲೆ, ಚಲನೆ ಮೊದಲು: ಮಲ್ಲಸಮುದ್ರದ ಪ್ರಯಾಣಿಕರಿಗೆ ರೇಡಾರ್ ಸೂತ್ರಗಳು

ಮಲ್ಲಸಮುದ್ರದ ಜಿಮ್ಸ್ ಆಸ್ಪತ್ರೆಯಲ್ಲಿರುವ ಮನೆಯವರನ್ನು ನೋಡಿಕೊಂಡು ಎಷ್ಟೋ ಜನ ಸಂಜೆ ಬೈಕ್ ಹತ್ತಿ ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಗೆ ಹೊರಡುತ್ತಾರೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆ, ಅಕ್ಟೋಬರಿನ ಹಿಂಗಾರಿ ಮಳೆ ಎರಡೂ ಹೆಚ್ಚಾಗಿ ಸುರಿಯುವುದು ಅದೇ ಹೊತ್ತಿನಲ್ಲಿ. ಎರಿ ಹೊಲಗಳ ನಡುವಿನ ಆ ದಾರಿಯಲ್ಲಿ ಮಳೆ-ಸಿಡಿಲಿಗೆ ಸಿಕ್ಕರೆ ನಿಲ್ಲಲು ಜಾಗವಿಲ್ಲ. ಹೊರಡುವ ಮುನ್ನ ಮೊಬೈಲಿನಲ್ಲಿ ಹವಾಮಾನ ರೇಡಾರ್ ಚಿತ್ರ ತೆರೆದು ನೋಡಬಹುದು. ಅದನ್ನು ಓದುವ ಕ್ರಮ ಗೊತ್ತಿದ್ದರೆ ಮುಂದಿನ ಒಂದು ಗಂಟೆಯ ಮಟ್ಟಿಗೆ ಅದು ಬಹಳ ನೆರವಾಗುತ್ತದೆ.

1. ಯಾವ ರೇಡಾರ್, ನಾನು ಎಲ್ಲಿ ಎಂಬುದನ್ನು ಮೊದಲು ಗುರುತಿಸಿ

ಭಾರತೀಯ ಹವಾಮಾನ ಇಲಾಖೆಯ mausam.imd.gov.in ತಾಣದಲ್ಲಿ ರೇಡಾರ್ ವಿಭಾಗಕ್ಕೆ ಹೋಗಿ ಗೋವಾ ಆರಿಸಿಕೊಳ್ಳಿ. ಆ ರೇಡಾರ್ ಪಣಜಿಯಲ್ಲಿದೆ, ಸುತ್ತ ಸುಮಾರು 250 ಕಿಲೋಮೀಟರ್ ದೂರದವರೆಗಿನ ಮಳೆಯನ್ನು ತೋರಿಸುತ್ತದೆ. ಹೈದರಾಬಾದಿನ ರೇಡಾರ್ ನಮ್ಮಿಂದ 350 ಕಿಲೋಮೀಟರಿಗೂ ದೂರ, ಅದರಲ್ಲಿ ನಮ್ಮನ್ನು ಹುಡುಕಿ ಫಲವಿಲ್ಲ.

ಗದಗ ಪಣಜಿಗೆ ಹೆಚ್ಚುಕಡಿಮೆ ನೇರ ಪೂರ್ವಕ್ಕಿದೆ. ಚಿತ್ರದ ನಡುಬಿಂದುವಿನಿಂದ ಬಲಕ್ಕೆ ಒಂದು ಗೆರೆ ಎಳೆದುಕೊಂಡರೆ, 200 ಕಿಲೋಮೀಟರಿಗೆ ಸ್ವಲ್ಪ ಒಳಗೆ ಗದಗ-ಬೆಟಗೇರಿಯೂ ಮಲ್ಲಸಮುದ್ರವೂ ಬರುತ್ತವೆ. ಅಲ್ಲಿಂದ ಕೆಳಗೆ, ತುಸು ಎಡಕ್ಕೆ ಲಕ್ಷ್ಮೇಶ್ವರ. ಮುಂಡರಗಿ ಇನ್ನೂ ಪೂರ್ವಕ್ಕೆ, ಸುಮಾರು 220 ಕಿಲೋಮೀಟರಿನಲ್ಲಿದೆ. ಅಂದರೆ ಜಿಲ್ಲೆಯ ಈ ಭಾಗವೆಲ್ಲ ಆ ರೇಡಾರಿನ ನೋಟದ ಅಂಚಿನಲ್ಲಿದೆ. 2017ರ ‘ವರ್ಷಧಾರೆ’ ಮೋಡಬಿತ್ತನೆಗಾಗಿ ಗದಗದಲ್ಲೇ ಒಂದು ರೇಡಾರ್ ನಿಲ್ಲಿಸಿದ್ದರು. ಆದರೆ ದಿನನಿತ್ಯದ ಪ್ರಯಾಣಿಕನಿಗೆ ಆಧಾರ ಗೋವಾದ ಚಿತ್ರವೇ.

2. ಗಡಿಯಾರ ನೋಡದೆ ಬಣ್ಣ ನೋಡಬೇಡಿ

ಚಿತ್ರದ ಮೂಲೆಯಲ್ಲಿ ದಿನಾಂಕ, ಸಮಯ ಇರುತ್ತದೆ. ಅದರ ಮುಂದೆ UTC ಎಂದಿದ್ದರೆ ಐದೂವರೆ ಗಂಟೆ ಕೂಡಿಸಿ. 10:40 UTC ಎಂದರೆ ನಮ್ಮ ಸಂಜೆ 4:10. ರೇಡಾರ್ ಒಂದು ಸುತ್ತು ಮುಗಿಸಿ, ಚಿತ್ರ ತಾಣಕ್ಕೆ ಬರುವಷ್ಟರಲ್ಲಿ ಹತ್ತು ನಿಮಿಷವೋ ಇನ್ನೂ ಹೆಚ್ಚೋ ಕಳೆದಿರುತ್ತದೆ. ಅರ್ಧ ಗಂಟೆಗಿಂತ ಹಳೆಯ ಚಿತ್ರವನ್ನು ನಂಬಿ ಹೊರಡಬೇಡಿ. ಕೆಲವೊಮ್ಮೆ ರೇಡಾರ್ ನಿಂತುಹೋಗಿ ನಿನ್ನೆಯ ಚಿತ್ರವೇ ಉಳಿದಿರುವುದೂ ಉಂಟು, ಹಾಗಾಗಿ ದಿನಾಂಕವನ್ನೂ ಓದಿ.

3. ಬಣ್ಣದ ಪಟ್ಟಿಯ ಅಂಕಿಗಳನ್ನು ಓದಿ

ರೇಡಾರ್ ಕಳಿಸಿದ ಅಲೆ ಮಳೆಹನಿಗಳಿಗೆ ತಾಗಿ ಮರಳುತ್ತದೆ. ಮರಳಿದ ಈ ಅಲೆಯೇ ಎಕೋ. ಅದು ಎಷ್ಟು ಬಲವಾಗಿದೆ ಎಂಬುದನ್ನು dBZ ಎಂಬ ಅಳತೆಯಲ್ಲಿ ಬಣ್ಣವಾಗಿ ತೋರಿಸುತ್ತಾರೆ. ಒಂದೊಂದು ತಾಣ, ಒಂದೊಂದು ಆ್ಯಪ್ ತನ್ನದೇ ಬಣ್ಣ ಬಳಸುವುದರಿಂದ ‘ಹಳದಿ ಎಂದರೆ ಸಾಧಾರಣ ಮಳೆ’ ಎಂದು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಪಟ್ಟಿಯ ಪಕ್ಕದ ಅಂಕಿ ನೆನಪಿಡಿ.

20ರ ಸುಮಾರಿಗೆ ಇದ್ದರೆ ತುಂತುರು, ಗಂಟೆಗೆ ಒಂದು ಮಿಲಿಮೀಟರಿಗೂ ಕಡಿಮೆ. 30ಕ್ಕೆ ಎರಡು-ಮೂರು ಮಿಲಿಮೀಟರ್. 40ಕ್ಕೆ ಹನ್ನೊಂದು-ಹನ್ನೆರಡು, ಅಷ್ಟರಲ್ಲಿ ಬೈಕ್ ಸವಾರ ಪೂರ್ತಿ ತೊಯ್ದಿರುತ್ತಾನೆ. 50ಕ್ಕೆ ಐವತ್ತರ ಹತ್ತಿರ, ಎದುರಿನ ರಸ್ತೆಯೇ ಕಾಣದಂಥ ಮಳೆ. ಅಂಕಿ ಹತ್ತು ಏರಿದರೆ ಮಳೆಯ ಬಿರುಸು ನಾಲ್ಕು ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. 55 ದಾಟಿದ್ದರೆ ಆಲಿಕಲ್ಲು ಇರಬಹುದು. ಇವೆಲ್ಲ ಮಾರ್ಷಲ್ ಮತ್ತು ಪಾಮರ್ ಎಂಬ ವಿಜ್ಞಾನಿಗಳ ಹೆಸರಿನ ಸೂತ್ರದಿಂದ ಬಂದ ಅಂದಾಜುಗಳು. ಗುಡುಗುಮಳೆಯಲ್ಲಿ ಹೆಚ್ಚುಕಡಿಮೆ ಆಗುತ್ತದೆ.

ಒಂದು ಎಚ್ಚರ. ನಿಮಗೆ ಬೇಕಾದವು MAX(Z) ಅಥವಾ PPI(Z) ಎಂಬ ಚಿತ್ರಗಳು. PPI(V) ಎಂಬುದರಲ್ಲೂ ಕೆಂಪು, ಹಸಿರು ಇರುತ್ತವೆ. ಆದರೆ ಅಲ್ಲಿ ಬಣ್ಣ ಹೇಳುವುದು ಮಳೆಯ ಹನಿಗಳು ರೇಡಾರಿನ ಕಡೆಗೆ ಬರುತ್ತಿವೆಯೋ ದೂರ ಹೋಗುತ್ತಿವೆಯೋ ಎಂಬುದನ್ನು. ಅಲ್ಲಿನ ಕೆಂಪು ಜೋರುಮಳೆಯಲ್ಲ.

4. ಒಂದು ಚಿತ್ರ ಸಾಲದು, ಮೂರು ಬೇಕು

ಇಡೀ ಓದಿನ ಜೀವ ಇಲ್ಲಿದೆ. ಒಂದೇ ಚಿತ್ರ ಮಳೆ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಪ್ರಯಾಣಿಕನಿಗೆ ಬೇಕಾದದ್ದು ಅದು ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೊರಟಿದೆ ಎಂಬುದು. ಹತ್ತು ನಿಮಿಷಕ್ಕೊಂದರಂತೆ ಮೂರು ಚಿತ್ರಗಳನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅಳೆಯುವುದು ಮಳೆಯ ಬಣ್ಣದ ಮಚ್ಚೆಯ ನಡುವನ್ನಲ್ಲ, ನಿಮ್ಮ ದಾರಿಯ ಕಡೆಗಿರುವ ಅದರ ಮುಂಚೂಣಿ ಅಂಚನ್ನು.

ಒಂದು ಲೆಕ್ಕ ಹಾಕೋಣ. ನೀವು ಮಲ್ಲಸಮುದ್ರದಿಂದ ಲಕ್ಷ್ಮೇಶ್ವರಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ನಡುವೆ ಮುಳಗುಂದ. ಮುಳಗುಂದದ ನೇರ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರಿನಲ್ಲಿ ಕುಂದಗೋಳವಿದೆ. ಸಂಜೆ 4:10ರ ಚಿತ್ರದಲ್ಲಿ 40 dBZ ಬಣ್ಣದ ಅಂಚು ಕುಂದಗೋಳದ ಮೇಲಿತ್ತು. 4:20ಕ್ಕೆ ಅಲ್ಲಿಂದ ಐದು ಕಿಲೋಮೀಟರ್ ಪೂರ್ವಕ್ಕೆ ಸರಿದಿದೆ, 4:30ಕ್ಕೆ ಹತ್ತು. ಇಪ್ಪತ್ತು ನಿಮಿಷಕ್ಕೆ ಹತ್ತು ಕಿಲೋಮೀಟರ್ ಎಂದರೆ ಗಂಟೆಗೆ ಮೂವತ್ತು. ಉಳಿದ ಇಪ್ಪತ್ತು ಕಿಲೋಮೀಟರಿಗೆ ನಲವತ್ತು ನಿಮಿಷ ಬೇಕು. ಅಂದರೆ 5:10ಕ್ಕೆ ಮಳೆ ಮುಳಗುಂದ ತಲುಪುತ್ತದೆ.

ಈಗ ನಿಮ್ಮ ಲೆಕ್ಕ. 4:30ರ ಚಿತ್ರ ಕೈಗೆ ಬರುವಾಗ 4:40. ಬೈಕ್ ತೆಗೆದು 4:45ಕ್ಕೆ ಹೊರಟರೆ ಮುಳಗುಂದಕ್ಕೆ ಇಪ್ಪತ್ತೈದು ನಿಮಿಷ. ನೀವೂ 5:10ಕ್ಕೇ ಅಲ್ಲಿರುತ್ತೀರಿ, ಮಳೆಯೂ ಅಲ್ಲೇ. ಹಾಗಾದರೆ ಎಷ್ಟು ಹೊತ್ತು ಕಾಯಬೇಕು? ಆ ಬಣ್ಣದ ಪೂರ್ವ-ಪಶ್ಚಿಮ ಅಗಲ ನೋಡಿ. ಹದಿನೈದು ಕಿಲೋಮೀಟರ್ ಇದ್ದರೆ, ಅದೇ ವೇಗದಲ್ಲಿ ದಾಟಿಹೋಗಲು ಅರ್ಧ ಗಂಟೆ. 5:40ಕ್ಕೆ ಮುಳಗುಂದ ಬಿಡುವಾಗುತ್ತದೆ. ಆದರೆ ಪೂರ್ವಕ್ಕೆ ಸರಿಯುವ ಆ ಮಳೆ ನೀವಿರುವ ಕಡೆಯ ರಸ್ತೆಯನ್ನೂ ತೊಯ್ಸಬಹುದು. ಆದ್ದರಿಂದ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹಾ ಕುಡಿದು, ಇನ್ನೆರಡು ಚಿತ್ರ ನೋಡಿ, 5:30ರ ಹೊತ್ತಿಗೆ ಹೊರಡುವುದು ಜಾಣತನ.

ಈ ಲೆಕ್ಕ ಒಂದು ಗಂಟೆಗಿಂತ ಮುಂದಕ್ಕೆ ಓಡುವುದಿಲ್ಲ. ಒಂಟಿ ಗುಡುಗುಮೋಡದ ಆಯುಸ್ಸೇ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆ. ಹಳೆಯ ಮೋಡದಿಂದ ಕೆಳಗಿಳಿದ ತಂಪು ಗಾಳಿ ನೆಲದ ಮೇಲೆ ಹರಡಿ, ಎದುರಿನ ಬಿಸಿ ಗಾಳಿಯನ್ನು ಮೇಲೆತ್ತಿ ಹೊಸ ಮೋಡ ಹುಟ್ಟಿಸುತ್ತದೆ. ಆಗ ಮಚ್ಚೆ ಹಾರಿ ಮುಂದೆ ಬಂದಂತೆ ಕಾಣುತ್ತದೆ, ನಿಮ್ಮ ಗಂಟೆಗೆ ಮೂವತ್ತರ ಲೆಕ್ಕ ತಪ್ಪುತ್ತದೆ. ಮೂರು ಚಿತ್ರಗಳಲ್ಲಿ ಮಚ್ಚೆ ದೊಡ್ಡದಾಗುತ್ತಿದೆಯೋ ಸೊರಗುತ್ತಿದೆಯೋ ಎಂಬುದನ್ನೂ ನೋಡುವುದು ಇದಕ್ಕೇ. ಬೆಳೆಯುತ್ತಿರುವ ಮಚ್ಚೆಗೆ ಇನ್ನೂ ಹೆಚ್ಚು ಹೊತ್ತು ಬಿಟ್ಟುಕೊಡಿ.

5. ಖಾಲಿ ಜಾಗವನ್ನು ಒಣ ಜಾಗ ಎಂದು ಓದಬೇಡಿ

ಭೂಮಿ ದುಂಡಗಿದೆ, ರೇಡಾರಿನ ಕಿರಣ ನೇರ ಹೋಗುತ್ತದೆ. ಪಣಜಿಯಿಂದ ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ ಗದಗ ತಲುಪುವಾಗ ಸುಮಾರು 3.8 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಬ್ಯಾಟರಿ ಬೆಳಕಿನ ಹಾಗೆ ಅದು ದೂರ ಹೋದಷ್ಟೂ ಅಗಲವಾಗುತ್ತದೆ. ನಮ್ಮ ತಲೆಯ ಮೇಲೆ ಅದರ ಅಗಲ ಮೂರು ಕಿಲೋಮೀಟರಿಗೂ ಹೆಚ್ಚು. ಮಲ್ಲಸಮುದ್ರದಲ್ಲಿ ಮಳೆ, ಪಕ್ಕದ ಗದಗದಲ್ಲಿ ಬಿಸಿಲು ಎಂಬಂಥ ಸೂಕ್ಷ್ಮವನ್ನು ಆ ಚಿತ್ರದಿಂದ ಕೇಳಬೇಡಿ. ದಾರಿಯಲ್ಲಿ ಪಶ್ಚಿಮಘಟ್ಟವೂ ಕೆಳಗಿನ ಕಿರಣದ ಒಂದು ಭಾಗವನ್ನು ತಡೆಯುತ್ತದೆ.

ಇದರ ಪರಿಣಾಮ ಋತುವಿಗೊಂದು ಬಗೆ. ಮುಂಗಾರಿನ ಜಿಟಿಜಿಟಿ ಮಳೆ ತಗ್ಗಿನ ಮೋಡಗಳಿಂದ ಬರುತ್ತದೆ. ಕಿರಣ ಅದರ ಮೇಲಿನಿಂದಲೇ ದಾಟಿಹೋಗುತ್ತದೆ, ಚಿತ್ರ ಖಾಲಿ ಇದ್ದರೂ ಮಳೆ ಬೀಳುತ್ತಿರುತ್ತದೆ. ಮೇ ತಿಂಗಳ ಗುಡುಗುಮೋಡ ಹತ್ತು-ಹನ್ನೆರಡು ಕಿಲೋಮೀಟರ್ ಎತ್ತರ ಏರುವುದರಿಂದ ಅದು ಚೆನ್ನಾಗಿ ಕಾಣುತ್ತದೆ. ನಮ್ಮ ದಾರಿಗೆ ಹೆಚ್ಚು ಅಪಾಯ ತರುವ ಮಳೆಯನ್ನೇ ಗೋವಾ ರೇಡಾರ್ ಚೆನ್ನಾಗಿ ತೋರಿಸುತ್ತದೆ ಎಂಬುದು ಸಮಾಧಾನದ ಸಂಗತಿ. MAX(Z) ಚಿತ್ರದ ಮೇಲಿನ ಮತ್ತು ಬಲಬದಿಯ ಪಟ್ಟಿಗಳು ಎಕೋ ಎಷ್ಟು ಎತ್ತರಕ್ಕಿದೆ ಎಂದು ಹೇಳುತ್ತವೆ, ಅವನ್ನೂ ನೋಡಿ.

ತಿರುಗುಮುರುಗೂ ಆಗುತ್ತದೆ. MAX(Z) ಎತ್ತರಗಳಲ್ಲೆಲ್ಲ ಅತಿ ಬಲವಾದ ಎಕೋವನ್ನು ಆರಿಸಿ ತೋರಿಸುತ್ತದೆ. ಬೇಸಿಗೆಯ ಒಣಗಾಳಿಯಲ್ಲಿ ಮೇಲಿನ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗಬಹುದು. ಚಿತ್ರದಲ್ಲಿ ಬಣ್ಣ ಇದ್ದೂ ನೆಲದಲ್ಲಿ ಬರೀ ಧೂಳು, ಗಾಳಿ. ಇನ್ನು ಮೂರು ಚಿತ್ರಗಳಲ್ಲೂ ಒಂದಿಷ್ಟೂ ಕದಲದ ಮಚ್ಚೆ ಬಹುಮಟ್ಟಿಗೆ ಗುಡ್ಡದಿಂದ ಮರಳಿದ ಅಲೆ. ಪಣಜಿಯಿಂದ ಸೂಜಿಯಂತೆ ನೇರ ಹೊರಟ ಗೆರೆ ಬೇರೆ ಯಂತ್ರಗಳ ಅಡಚಣೆ, ಮಳೆಯಲ್ಲ.

6. ಆ್ಯಪಿನ ‘ರೇಡಾರ್’ ನಿಜಕ್ಕೂ ರೇಡಾರೇ ಎಂದು ಕೇಳಿ

ಕೆಲವು ಆ್ಯಪ್‌ಗಳು ರೇಡಾರ್ ಕಾಣದ ಕಡೆ ಉಪಗ್ರಹದ ಅಂದಾಜನ್ನೋ ಕಂಪ್ಯೂಟರ್ ಮುನ್ಸೂಚನೆಯನ್ನೋ ಅದೇ ಬಣ್ಣಗಳಲ್ಲಿ ತುಂಬುತ್ತವೆ. ಸಮಯದ ಪಟ್ಟಿಯಲ್ಲಿ ‘ಈಗ’ ಎಂಬಲ್ಲಿಂದ ಮುಂದೆ ಸರಿಯುವ ಮಚ್ಚೆಗಳು ಕಂಡದ್ದಲ್ಲ, ಊಹಿಸಿದ್ದು. ಉಪಗ್ರಹ ಚಿತ್ರದಲ್ಲಿ ಬೆಳ್ಳಗೆ ಕಾಣುವುದು ಮೋಡದ ನೆತ್ತಿ, ಕೆಳಗೆ ಮಳೆ ಇದ್ದೇ ಇರಬೇಕೆಂದಿಲ್ಲ.

ರೇಡಾರ್ ಚಿತ್ರ ಸಿಡಿಲನ್ನೂ ತೋರಿಸುವುದಿಲ್ಲ. ಅದಕ್ಕೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಬಯಲಿಗೆ ಇಳಿಯಬೇಡಿ.

7. ಮಳೆ ಹೋದ ಮೇಲೆ ಹಳ್ಳದ ಲೆಕ್ಕ

ಮಚ್ಚೆ ದಾಟಿತು, ಚಿತ್ರ ಖಾಲಿಯಾಯಿತು. ಆದರೆ ಬಿದ್ದ ನೀರು ಈಗಷ್ಟೇ ಹೊರಟಿದೆ. ಎರಿ ನೆಲ ಒಮ್ಮೆ ತೊಯ್ದು ಉಬ್ಬಿದರೆ ನೀರನ್ನು ಬೇಗ ಹೀರುವುದಿಲ್ಲ, ಹೊಲದಿಂದ ಹೊಲಕ್ಕೆ ಹರಿದು ಹಳ್ಳ ಸೇರುತ್ತದೆ. ಆದ್ದರಿಂದ ಕಳೆದ ಒಂದೆರಡು ಗಂಟೆಯ ಚಿತ್ರಗಳಲ್ಲಿ 45 dBZಗಿಂತ ಹೆಚ್ಚಿನ ಬಣ್ಣ ಎಲ್ಲಿ ಬಹಳ ಹೊತ್ತು ನಿಂತಿತ್ತು ಎಂದು ಹಿಂದಿರುಗಿ ನೋಡಿ. ನಿಮ್ಮ ರಸ್ತೆಯ ಮೇಲೆ ಹನಿ ಬೀಳದಿದ್ದರೂ ಹಳ್ಳದ ಮೇಲ್ಬದಿಯಲ್ಲಿ ಬಿದ್ದಿದ್ದರೆ ಸಾಕು, ತಗ್ಗುಸೇತುವೆ ಮುಳುಗುತ್ತದೆ. ಶಿರಹಟ್ಟಿ, ಮುಂಡರಗಿ ಕಡೆ ಹೋಗುವವರು ಕಪ್ಪತಗುಡ್ಡದ ಇಳಿಜಾರಿನ ಮೇಲೆ ನಿಂತ ಬಣ್ಣವನ್ನು ವಿಶೇಷವಾಗಿ ಗಮನಿಸಬೇಕು.

ನೆಲಕ್ಕೆ ನಿಜವಾಗಿ ಎಷ್ಟು ಬಿತ್ತು ಎಂದು ರೇಡಾರ್ ಅಂದಾಜು ಮಾಡುತ್ತದೆ, ಮಳೆಮಾಪಕ ಅಳೆಯುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು. ಜೊತೆಗೆ ಮುಂದಿನ ಊರಿನ ಪರಿಚಯದವರಿಗೆ ಒಂದು ಫೋನ್ ಮಾಡಿ, ಸೇತುವೆಯ ಮೇಲೆ ನೀರು ಇದೆಯೇ, ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ವಿಚಾರಿಸಿ. ಇನ್ನೂ ಏರುತ್ತಿದೆ ಎಂದರೆ ಆ ರಾತ್ರಿ ಗದಗದಲ್ಲೇ ಉಳಿಯಿರಿ.